ಅಂಚು ಕಾಣದ ಅಂಕ: ಮೈಸೂರಿನ ಒಂದು ಸೀರೆ ಅಂಗಡಿಯ ಚಿತ್ರಗಳಲ್ಲಿ ಕ್ಲಿಪ್ ಸಾಮ್ಯ ದಾರಿ ತಪ್ಪಿಸಿದ ಬಗೆ

ಮೈಸೂರಿನ ದೇವರಾಜ ಅರಸು ರಸ್ತೆಯ ಆಸುಪಾಸಿನಲ್ಲಿರುವ ಒಂದು ರೇಷ್ಮೆ ಸೀರೆ ಅಂಗಡಿಯವರು ತಮ್ಮಲ್ಲಿದ್ದ 60 ಸೀರೆಗಳ ಫೋಟೋಗಳನ್ನು ನಮ್ಮ ಮೂವರ ತಂಡಕ್ಕೆ ಕೊಟ್ಟು, ಪ್ರತಿಯೊಂದನ್ನೂ ರೂಪದರ್ಶಿಯೊಬ್ಬರು ಉಟ್ಟಂತೆ ತೋರಿಸುವ ಚಿತ್ರಗಳನ್ನು ಸಿದ್ಧಪಡಿಸಿಕೊಡಲು ಕೇಳಿದ್ದರು. ವರ್ಚುವಲ್ ಟ್ರೈ-ಆನ್ ಮಾದರಿಯೊಂದರಿಂದ ಒಂದೊಂದು ಸೀರೆಗೆ ನಾಲ್ಕರಂತೆ 240 ಚಿತ್ರಗಳನ್ನು ತಯಾರಿಸಿದೆವು. ಅಷ್ಟನ್ನೂ ಕಣ್ಣಿನಿಂದಲೇ ಪರಿಶೀಲಿಸುವ ಬದಲು, ಅಂಗಡಿಯವರು ಕೊಟ್ಟ ಮೂಲಚಿತ್ರಕ್ಕೂ ನಮ್ಮ ಫಲಿತಚಿತ್ರಕ್ಕೂ ನಡುವಿನ ಕ್ಲಿಪ್ ಸಾಮ್ಯವನ್ನು, ಅಂದರೆ ಕ್ಲಿಪ್ ಎಂಬ ಎಐ ಮಾದರಿಯ ನೆರವಿನಿಂದ ಸಿಗುವ ಹೋಲಿಕೆಯ ಅಂಕವನ್ನು, ಲೆಕ್ಕ ಹಾಕಿ, 0.85ಕ್ಕಿಂತ ಹೆಚ್ಚು ಬಂದವನ್ನು ಒಪ್ಪಿಕೊಳ್ಳುವುದು, ಕಡಿಮೆ ಬಂದವನ್ನು ಮತ್ತೆ ತಯಾರಿಸುವುದು ಎಂದು ತೀರ್ಮಾನಿಸಿದೆವು. ಆ ತೀರ್ಮಾನ ಎಲ್ಲೆಲ್ಲಿ ತಪ್ಪಿತು, ಏಕೆ ತಪ್ಪಿತು, ಅದರ ಬದಲು ಏನನ್ನು ಅಳೆಯಬೇಕಾಯಿತು ಎಂಬುದು ಈ ಬರಹದ ವಿಷಯ.

ಒಪ್ಪಿತವಾದ 156 ಚಿತ್ರಗಳನ್ನು ಅಂಗಡಿಗೆ ಒಯ್ದ ದಿನವೇ ತೊಂದರೆ ಹೊರಬಿತ್ತು. ಅಲ್ಲಿ ಬಹಳ ವರ್ಷಗಳಿಂದ ಗಲ್ಲೆಯ ಪಕ್ಕದಲ್ಲಿ ಕುಳಿತು ಸೀರೆ ತೋರಿಸುತ್ತ ಬಂದಿರುವ ಹಿರಿಯರೊಬ್ಬರಿದ್ದಾರೆ. ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಅವರು ಕೈ ತಡೆದು, "ಇದು ನಾವು ಕೊಟ್ಟ ಸೀರೆ ಅಲ್ಲ ಸಾರ್, ಅಂಚು ನೋಡಿ" ಎಂದರು. ಅದು ಗಿಳಿಹಸಿರು ಬಣ್ಣದ ಕ್ರೇಪ್ ಸೀರೆ. ಮೂಲಚಿತ್ರದಲ್ಲಿ ಅದರ ಜರಿಯಂಚಿನ ಮೇಲೆ ಸಾಲುಗೋಪುರಗಳಿದ್ದವು. ನಮ್ಮ ಚಿತ್ರದಲ್ಲಿ ಗೋಪುರಗಳು ಮಾಯವಾಗಿ ಮಾವಿನಕಾಯಿ ಬಳ್ಳಿಯಂಥದ್ದು ಬಂದಿತ್ತು. ಆ ಚಿತ್ರಕ್ಕೆ ಸಿಕ್ಕಿದ್ದ ಅಂಕ 0.91. ಸಂಜೆಯ ಹೊತ್ತಿಗೆ ಅವರು 156ರಲ್ಲಿ 31 ಚಿತ್ರಗಳನ್ನು ಅಂಚು ಬೇರೆಯಾಗಿದೆ ಎಂಬ ಒಂದೇ ಕಾರಣಕ್ಕೆ ಪಕ್ಕಕ್ಕಿಟ್ಟಿದ್ದರು. ನಾವು ತಿರಸ್ಕರಿಸಿದ ಚಿತ್ರಗಳನ್ನೂ ನೋಡಬೇಕೆಂದು ಅವರು ಕೇಳಿದ್ದು ನಮಗೆ ಇನ್ನಷ್ಟು ನೋವಿನ ಸಂಗತಿಯಾಯಿತು, ಏಕೆಂದರೆ ಅದರಲ್ಲಿ 0.79 ಅಂಕದ ಕುಂಕುಮ ಬಣ್ಣದ ಸೀರೆಯೊಂದನ್ನು ತೋರಿಸಿ, ಇದರಲ್ಲಿ ಒಡಲು, ಅಂಚು, ಸೆರಗು ಮೂರೂ ಸರಿಯಾಗಿವೆ, ಇದನ್ನೇಕೆ ಬಿಟ್ಟಿರಿ ಎಂದು ಕೇಳಿದರು.

ಮೈಸೂರು ರೇಷ್ಮೆ ಸೀರೆಯನ್ನು ಬಲ್ಲವರಿಗೆ ಈ ಆಕ್ಷೇಪದ ತೂಕ ತಿಳಿಯುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯಿಂದ ಬೆಳೆದುಬಂದ ಈ ಸೀರೆಯ ಸಾಂಪ್ರದಾಯಿಕ ರೂಪದಲ್ಲಿ ಒಡಲು ಒಂದೇ ಬಣ್ಣದ ಸಾದಾ ಕ್ರೇಪ್. ಒಂದು ಸೀರೆಯನ್ನು ಮತ್ತೊಂದರಿಂದ ಬೇರೆ ಮಾಡುವುದೆಲ್ಲ ಅಂಚಿನಲ್ಲಿ ಮತ್ತು ಸೆರಗಿನಲ್ಲಿ ಇರುತ್ತದೆ. ಅಂದರೆ ಬಟ್ಟೆಯ ಬಹುಭಾಗ ಯಾವ ಗುರುತನ್ನೂ ಹೇಳುವುದಿಲ್ಲ, ಹೇಳುವ ಭಾಗ ಬಹಳ ಕಿರಿದು. ಕ್ಲಿಪ್ ಅಂಕವನ್ನು ಇಷ್ಟು ಕಠಿಣವಾಗಿ ಪರೀಕ್ಷಿಸುವ ಉಡುಪು ಬೇರೊಂದು ಸಿಗುವುದು ಕಷ್ಟ.

ಮೊದಲು ಆ ಅಂಕ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಓಪನ್‌ಎಐ 2021ರ ಜನವರಿಯಲ್ಲಿ ಪ್ರಕಟಿಸಿದ ಕ್ಲಿಪ್ ಮಾದರಿಯನ್ನು ಅಂತರ್ಜಾಲದಿಂದ ಸಂಗ್ರಹಿಸಿದ 40 ಕೋಟಿ ಚಿತ್ರ ಮತ್ತು ಪಠ್ಯದ ಜೋಡಿಗಳ ಮೇಲೆ ತರಬೇತುಗೊಳಿಸಲಾಗಿದೆ. ಒಂದು ಚಿತ್ರಕ್ಕೆ ಅದರ ವಿವರಣೆ ಹತ್ತಿರ ಬರಬೇಕು, ಬೇರೆ ಚಿತ್ರಗಳ ವಿವರಣೆ ದೂರ ಸರಿಯಬೇಕು ಎಂಬುದಷ್ಟೇ ಆ ತರಬೇತಿಯ ಗುರಿ. ನಾವು ಬಳಸಿದ ಅದರ `ViT-B/32` ಆವೃತ್ತಿ ಚಿತ್ರವನ್ನು 224×224 ಪಿಕ್ಸೆಲ್‌ಗೆ ಇಳಿಸಿ, 32 ಪಿಕ್ಸೆಲ್ ಬದಿಯ 49 ತುಂಡುಗಳಾಗಿ ನೋಡಿ, ಕೊನೆಗೆ ಎಂಬೆಡಿಂಗ್ ಎಂದು ಕರೆಯುವ 512 ಸಂಖ್ಯೆಗಳ ಒಂದು ಸಾಲನ್ನು ಕೊಡುತ್ತದೆ. ಎರಡು ಚಿತ್ರಗಳ ಇಂಥ ಎರಡು ಸಾಲುಗಳ ನಡುವಿನ ಕೋನದ ಕೊಸೈನ್ ಅನ್ನೇ ನಾವು ಸಾಮ್ಯ ಎಂದು ಕರೆಯುತ್ತೇವೆ. "ಹಸಿರು ರೇಷ್ಮೆ ಸೀರೆ ಉಟ್ಟ ಮಹಿಳೆ" ಎಂದು ಚಿತ್ರದ ಕೆಳಗೆ ಬರೆಯುವವರು ಅಂಚಿನಲ್ಲಿರುವುದು ಗೋಪುರವೋ ಮಾವೋ ಎಂದು ಬರೆಯುವುದು ಅಪರೂಪ. ವಿವರಣೆಯಲ್ಲಿ ಇಲ್ಲದ ವ್ಯತ್ಯಾಸವನ್ನು ಕಾಪಾಡಿಕೊಳ್ಳಲು ಮಾದರಿಗೆ ತರಬೇತಿಯಲ್ಲಿ ಒತ್ತಡವೇ ಬಂದಿಲ್ಲ. ನನ್ನ ತಿಳಿವಳಿಕೆಯಲ್ಲಿ ಇಡೀ ಪ್ರಕರಣದ ಬೇರು ಇದೇ: ಆ ಅಂಕ "ಇದು ಯಾವ ಬಗೆಯ ಚಿತ್ರ" ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ, ನಾವು ಕೇಳಿದ್ದು "ಇದು ಅದೇ ಸೀರೆಯೇ" ಎಂಬ ಪ್ರಶ್ನೆಯನ್ನು.

ಬೇರು ಅಷ್ಟು ಆಳದಲ್ಲಿದ್ದರೂ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ತೀರ ಸರಳವಾದ ಒಂದು ತಪ್ಪು. ನಮ್ಮ ಫಲಿತಚಿತ್ರಗಳು 768 ಪಿಕ್ಸೆಲ್ ಅಗಲ, 1024 ಪಿಕ್ಸೆಲ್ ಎತ್ತರದವು. ಕ್ಲಿಪ್‌ನ ಜೊತೆಗೆ ಬರುವ ಪೂರ್ವಸಿದ್ಧತೆಯ ಹಂತ ಚಿತ್ರದ ಚಿಕ್ಕ ಬದಿಯನ್ನು 224ಕ್ಕೆ ಇಳಿಸಿ, ನಂತರ ನಡುವಿನ 224×224 ಚೌಕವನ್ನು ಮಾತ್ರ ಕತ್ತರಿಸಿಕೊಳ್ಳುತ್ತದೆ. ನಮ್ಮ ಚಿತ್ರ 224×298 ಆಗುತ್ತದೆ, ಅದರಲ್ಲಿ ಮೇಲಿನ 37 ಸಾಲು ಮತ್ತು ಕೆಳಗಿನ 37 ಸಾಲು ಹೋಗುತ್ತವೆ. ಮೂಲ ಗಾತ್ರದ ಲೆಕ್ಕದಲ್ಲಿ ಅದು ಕೆಳಗಿನ ಸುಮಾರು 127 ಸಾಲು. ರೂಪದರ್ಶಿಯ ಪಾದ ಬರುವುದು ಸುಮಾರು 975ನೆಯ ಸಾಲಿನಲ್ಲಿ; 160 ಸೆಂಟಿಮೀಟರ್ ಎತ್ತರದವರು 925 ಸಾಲುಗಳನ್ನು ತುಂಬಿದ್ದರೆ ಒಂದು ಸೆಂಟಿಮೀಟರ್‌ಗೆ 5.8 ಸಾಲು. ಅಂದರೆ ಪಾದದಿಂದ ಮೇಲಕ್ಕೆ ಹದಿಮೂರು ಸೆಂಟಿಮೀಟರ್‌ನಷ್ಟು ಸೀರೆ ಮಾದರಿಯ ಕಣ್ಣಿಗೆ ಬೀಳುವುದೇ ಇಲ್ಲ, ಮತ್ತು ಹತ್ತು ಸೆಂಟಿಮೀಟರ್ ಅಗಲದ ಕೆಳಗಿನ ಅಂಚು ಕುಳಿತಿರುವುದು ಸರಿಯಾಗಿ ಅಲ್ಲಿಯೇ. ಇದನ್ನು ಊಹೆಯಾಗಿ ಬಿಡಬಾರದೆಂದು ಹೀಗೆ ಪರೀಕ್ಷಿಸಿದೆವು:

```python
im2 = im.copy()                       # 768 x 1024
im2.paste((0, 160, 0), (0, 914, 768, 1024))
x1, x2 = preprocess(im), preprocess(im2)
print(torch.equal(x1, x2))            # True
```

ಚಿತ್ರದ ಕೊನೆಯ 110 ಸಾಲುಗಳಿಗೆ ಪೂರ್ತಿ ಹಸಿರು ಬಣ್ಣ ಬಳಿದರೂ ಮಾದರಿಗೆ ಹೋಗುವ ಸಂಖ್ಯೆಗಳಲ್ಲಿ ಒಂದೂ ಬದಲಾಗಲಿಲ್ಲ. ಅಂಚನ್ನು ಅಳಿಸಿ ಹಾಕಿದರೂ ಅಂಕ ಅಷ್ಟೇ. ಕತ್ತರಿಸುವ ಹಂತವನ್ನು ತೆಗೆದು, ಚಿತ್ರದ ಎರಡೂ ಬದಿಗೆ ಬೂದು ಪಟ್ಟಿ ಸೇರಿಸಿ ಚೌಕ ಮಾಡಿ ಕೊಟ್ಟರೆ ಅಂಚು ಒಳಗೆ ಬರುತ್ತದೆ. ಆದರೆ ಹಾಗೆ ಮಾಡುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಎರಡೂ ಚಿತ್ರಗಳಲ್ಲಿ ಒಂದೇ ಥರದ ಬೂದು ಪಟ್ಟಿ ಇರುವುದೂ ಒಂದು ಹೋಲಿಕೆಯೇ ಆದ್ದರಿಂದ ಹೊಸ ಅಂಕವನ್ನು ಹಳೆಯ ಅಂಕದ ಜೊತೆ ಇಟ್ಟು ನೋಡುವಂತಿಲ್ಲ; ಜೊತೆಗೆ, 1024 ಸಾಲುಗಳು ಈಗ 224ಕ್ಕೆ ಕುಗ್ಗುವುದರಿಂದ ಅಂಚು ಇನ್ನೂ ಸಣ್ಣದಾಗುತ್ತದೆ. ಹಳೆಯ ಲೆಕ್ಕದಲ್ಲೇ ಒಂದು ಸೆಂಟಿಮೀಟರ್‌ಗೆ ಸುಮಾರು 1.7 ಪಿಕ್ಸೆಲ್ ಸಿಗುತ್ತಿತ್ತು, ಹತ್ತು ಸೆಂಟಿಮೀಟರ್ ಅಂಚು 17 ಪಿಕ್ಸೆಲ್ ಆಗುತ್ತಿತ್ತು, ಎರಡು ಸೆಂಟಿಮೀಟರ್‌ನ ಗೋಪುರ ಮೂರು ಪಿಕ್ಸೆಲ್ ಆಗುತ್ತಿತ್ತು. ಮಾದರಿ ನೋಡುವ ಒಂದು ತುಂಡಿನ ಬದಿಯೇ 32 ಪಿಕ್ಸೆಲ್. ಮೂರು ಪಿಕ್ಸೆಲ್‌ನಲ್ಲಿ ಗೋಪುರವನ್ನೂ ಮಾವಿನಕಾಯಿಯನ್ನೂ ಬೇರೆ ಮಾಡುವುದು ಮನುಷ್ಯರ ಕಣ್ಣಿಗೂ ಸಾಧ್ಯವಿಲ್ಲ. ತುಂಡಿನ ಬದಿ 14 ಪಿಕ್ಸೆಲ್ ಇರುವ `ViT-L/14` ಮಾದರಿಯ 336 ಪಿಕ್ಸೆಲ್ ಆವೃತ್ತಿಗೆ ಹೋದರೂ ಆ ಗೋಪುರ ಐದು ಪಿಕ್ಸೆಲ್ ಆಗುತ್ತದೆ, ಅಷ್ಟೇ.

ಅಂಚು ಕಾಣದಿದ್ದರೆ ಅಂಕ ಯಾವುದರಿಂದ ಏರಿಳಿಯುತ್ತಿತ್ತು ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ಮೂಲಚಿತ್ರಗಳನ್ನು ವಿಂಗಡಿಸಿದಾಗ. ಅಂಗಡಿಯವರು 28 ಸೀರೆಗಳನ್ನು ಗೊಂಬೆಗೆ ಉಡಿಸಿ ಫೋಟೋ ತೆಗೆದಿದ್ದರು. ಉಳಿದ 32 ಸೀರೆಗಳನ್ನು ಮಡಿಸಿ, ಸೆರಗು ಕಾಣುವಂತೆ ಮೇಜಿನ ಮೇಲೆ ಹರಡಿ ತೆಗೆದಿದ್ದರು. ಗೊಂಬೆಯ ಮೂಲಚಿತ್ರವಿದ್ದ 112 ಫಲಿತಗಳಲ್ಲಿ 109 ಗೆದ್ದಿದ್ದವು, ಮೇಜಿನ ಮೂಲಚಿತ್ರವಿದ್ದ 128ರಲ್ಲಿ ಗೆದ್ದದ್ದು 47 ಮಾತ್ರ. ಹಿರಿಯರು ತಪ್ಪೆಂದು ಪಕ್ಕಕ್ಕಿಟ್ಟ 31ರಲ್ಲಿ 29 ಗೊಂಬೆಯ ಗುಂಪಿನವೇ. ಗೊಂಬೆಯೂ ನಿಂತಿದೆ, ರೂಪದರ್ಶಿಯೂ ನಿಂತಿದ್ದಾರೆ. ಎರಡರಲ್ಲೂ ತಲೆ, ಭುಜ, ನೆರಿಗೆ, ಎಡಭುಜದಿಂದ ಇಳಿದ ಸೆರಗು ಇವೆ. ಮೇಜಿನ ಮೇಲಿನ ಸೀರೆಗೆ ಇದಾವುದೂ ಇಲ್ಲ. 0.85 ಎಂಬ ಗೆರೆ ಸೀರೆಗಳನ್ನು ವಿಂಗಡಿಸುತ್ತಿರಲಿಲ್ಲ. ಫೋಟೋ ತೆಗೆದ ರೀತಿಯನ್ನು ವಿಂಗಡಿಸುತ್ತಿತ್ತು. ಹಿರಿಯರು ಎತ್ತಿ ತೋರಿಸಿದ ಕುಂಕುಮ ಬಣ್ಣದ ಸೀರೆ ಮೇಜಿನ ಗುಂಪಿನದು, ಗಿಳಿಹಸಿರಿನದು ಗೊಂಬೆಯ ಗುಂಪಿನದು.

ಇದನ್ನು ಖಚಿತಪಡಿಸಿಕೊಳ್ಳಲು ಮಾಡಿದ ಲೆಕ್ಕವನ್ನು ಮೊದಲ ದಿನವೇ ಮಾಡಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಪ್ರತಿ ಫಲಿತವನ್ನು ಅದರದೇ ಮೂಲಚಿತ್ರದ ಜೊತೆ ಮಾತ್ರವಲ್ಲದೆ ಎಲ್ಲ 60 ಮೂಲಚಿತ್ರಗಳ ಜೊತೆ ಹೋಲಿಸಿದೆವು. 14,400 ಹೋಲಿಕೆಗಳಾದರೂ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ನಿಮಿಷಗಳ ಕೆಲಸ, ಏಕೆಂದರೆ ಎಂಬೆಡಿಂಗ್ ಲೆಕ್ಕ ಹಾಕಬೇಕಾದದ್ದು 300 ಚಿತ್ರಗಳಿಗೆ ಮಾತ್ರ, ಉಳಿದದ್ದು ಗುಣಾಕಾರ. ಗೊಂಬೆಯ ಗುಂಪಿನಲ್ಲಿ ಒಂದು ಸೀರೆಯ ಫಲಿತವನ್ನು ಸಂಬಂಧವೇ ಇಲ್ಲದ ಬೇರೆ ಸೀರೆಯ ಮೂಲಚಿತ್ರಕ್ಕೆ ಹೋಲಿಸಿದರೂ ಅಂಕ ಬಹುತೇಕ 0.84ರಿಂದ 0.88ರ ನಡುವೆ ಬರುತ್ತಿತ್ತು. ಅಂದರೆ ಬೇರೆ ಸೀರೆಯೇ ನಮ್ಮ ಗೆರೆಯನ್ನು ಸುಲಭವಾಗಿ ದಾಟುತ್ತಿತ್ತು. 0.91 ಎಂಬುದನ್ನು ನೂರಕ್ಕೆ ತೊಂಬತ್ತೊಂದು ಪಾಲು ಹೊಂದಿಕೆ ಎಂದು ಓದುವುದು ಬಹಳ ಸಹಜವಾದ, ಬಹಳ ದುಬಾರಿಯಾದ ತಪ್ಪು. ಕ್ಲಿಪ್‌ನ ಎಂಬೆಡಿಂಗ್‌ಗಳು ಎಲ್ಲ ದಿಕ್ಕಿಗೂ ಹರಡಿಕೊಂಡಿರುವುದಿಲ್ಲ, ಒಂದು ಕಿರಿದಾದ ಶಂಕುವಿನೊಳಗೆ ಒತ್ತಾಗಿ ಕುಳಿತಿರುತ್ತವೆ. ಹೀಗಾಗಿ ಸಂಬಂಧವಿಲ್ಲದ ಎರಡು ಚಿತ್ರಗಳ ನಡುವೆಯೂ ಅಂಕ ಸೊನ್ನೆಯ ಹತ್ತಿರಕ್ಕೆ ಬರುವುದಿಲ್ಲ. ಒಂದೇ ಬಗೆಯ ಚಿತ್ರಗಳಲ್ಲಿ ನೆಲವೇ 0.84ರಲ್ಲಿದ್ದಾಗ 0.85ರ ಗೆರೆಗೆ ಅರ್ಥವಿರಲಿಲ್ಲ.

ಹಿನ್ನೆಲೆಯಲ್ಲಿ ಇನ್ನೊಂದು ಹೋಲಿಕೆಯೂ ಅಡಗಿತ್ತು. ಅಂಗಡಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನಸುಬಿಳಿಯಾಗಿ ಚಿತ್ರದ ನಡುವೆ ಅಡ್ಡಲಾಗಿ ಹಾಕುವುದು ಅವರ ರೂಢಿ. ನಾವೂ ಅದನ್ನು ಫಲಿತಚಿತ್ರಗಳ ಮೇಲೆ ಅಂಕ ಹಾಕುವ ಮೊದಲೇ ಮುದ್ರಿಸುತ್ತಿದ್ದೆವು. ಚಿತ್ರದಲ್ಲಿರುವ ಬರಹವನ್ನು ಕ್ಲಿಪ್ ಬಲವಾಗಿ ಓದುತ್ತದೆ ಎಂಬುದು ತಿಳಿದ ಸಂಗತಿ: ಸೇಬಿನ ಮೇಲೆ "iPod" ಎಂದು ಬರೆದ ಚೀಟಿ ಅಂಟಿಸಿದರೆ ಅದನ್ನು ಐಪಾಡ್ ಎಂದೇ ಗುರುತಿಸಿದ ಉದಾಹರಣೆಯನ್ನು ಓಪನ್‌ಎಐ 2021ರಲ್ಲಿ ತಾನೇ ತೋರಿಸಿತ್ತು. ಹೆಸರನ್ನು ತೆಗೆದು ಲೆಕ್ಕ ಹಾಕಿದಾಗ ಅಂಕಗಳು ಒಟ್ಟಾಗಿ ಇಳಿದವು, ಸರಿಯಾದವೂ ತಪ್ಪಾದವೂ ಸರಿಸುಮಾರು ಸಮವಾಗಿ. ಅಂಕ ಹಾಕಿದ ನಂತರ ಹೆಸರು ಮುದ್ರಿಸುವುದು ಎಂದು ಕ್ರಮ ಬದಲಿಸಿದ್ದರಿಂದ ಈ ಭಾಗ ಮುಗಿಯಿತು.

ಸರಿಪಡಿಸುವ ಕೆಲಸದಲ್ಲಿ ಮೊದಲು ಕೈಬಿಟ್ಟದ್ದು ಸ್ಥಿರವಾದ ಗೆರೆಯನ್ನು. ಒಂದು ಫಲಿತ ತನ್ನ ಮೂಲಚಿತ್ರಕ್ಕೆ ಎಷ್ಟು ಹತ್ತಿರವಿದೆ ಎಂದು ಕೇಳುವ ಬದಲು, ಅದೇ ರೀತಿ ಫೋಟೋ ತೆಗೆದ, ಅದೇ ಬಣ್ಣದ ಕುಟುಂಬದ ಬೇರೆ ಮೂಲಚಿತ್ರಗಳಿಗಿಂತ ತನ್ನದಕ್ಕೇ ಹೆಚ್ಚು ಹತ್ತಿರವಿದೆಯೇ ಎಂದು ಕೇಳತೊಡಗಿದೆವು. ಗೊಂಬೆಯ ಗುಂಪಿನಲ್ಲಿ ಹಸಿರು ಸೀರೆಗಳು ಐದಿದ್ದವು, ಫಲಿತಗಳು 20. ಹಿರಿಯರ ತೀರ್ಪಿನ ಪ್ರಕಾರ ಅದರಲ್ಲಿ 12 ಸರಿ, 8 ತಪ್ಪು. ಇಡೀ ಚಿತ್ರದ ಕ್ಲಿಪ್ ಅಂಕದಲ್ಲಿ 20ರ ಪೈಕಿ 6ಕ್ಕೆ ಮಾತ್ರ ತಮ್ಮ ಮೂಲಚಿತ್ರ ಮೊದಲ ಸ್ಥಾನದಲ್ಲಿ ಬಂತು. ಕಣ್ಣು ಮುಚ್ಚಿ ಚೀಟಿ ಎತ್ತಿದರೂ ಸರಾಸರಿ 4 ಬರುತ್ತದೆ. ಆ 6ರಲ್ಲಿ 4 ಸರಿಯಾದ ಚಿತ್ರಗಳು, 2 ತಪ್ಪಾದವು. ಕೆಂಪನ್ನು ಹಸಿರಿನಿಂದ, ಸೀರೆಯನ್ನು ಚೂಡಿದಾರದಿಂದ ಬೇರೆ ಮಾಡುವಲ್ಲಿ ಅದೇ ಅಂಕ ಒಮ್ಮೆಯೂ ಎಡವಲಿಲ್ಲ ಎಂಬುದನ್ನೂ ಹೇಳಬೇಕು. ಬಟ್ಟೆಯನ್ನೇ ಬಿಟ್ಟು ಬೇರೆ ಉಡುಪು ಬಂದಿದ್ದರೆ ಅದನ್ನು ಹಿಡಿಯಲು ಈ ಅಂಕ ಸಾಕು. ಅದಕ್ಕಾಗಿ ಅದನ್ನು ಮೊದಲ ಜರಡಿಯಾಗಿ ಉಳಿಸಿಕೊಂಡಿದ್ದೇವೆ.

ಎರಡನೆಯದಾಗಿ ಅಂಚನ್ನೇ ಪ್ರತ್ಯೇಕವಾಗಿ ಹೋಲಿಸಿದೆವು. ಮೂಲಚಿತ್ರ ಮತ್ತು ಫಲಿತಚಿತ್ರ ಎರಡರಿಂದಲೂ ಸೆರಗಿನ ಬದಿಯ ಅಂಚಿನಲ್ಲಿ ಮಡಿಕೆ ಕಡಿಮೆ ಇರುವ ಕಡೆ ಚೌಕ ತುಂಡು ಕತ್ತರಿಸಿ, ಅಂಚು ಅಡ್ಡವಾಗಿ ಬರುವಂತೆ ತಿರುಗಿಸಿ, ಸಮ ಗಾತ್ರಕ್ಕೆ ತಂದೆವು. ಈ ತುಂಡುಗಳಿಗೆ ಕ್ಲಿಪ್ ಬದಲು ಮೆಟಾ 2023ರಲ್ಲಿ ಪ್ರಕಟಿಸಿದ `DINOv2` ಬಳಸಿದೆವು. ಅದರ ತರಬೇತಿಯಲ್ಲಿ ವಿವರಣೆಯ ಪಠ್ಯವೇ ಇಲ್ಲ, ಚಿತ್ರಗಳಿಂದಲೇ ಚಿತ್ರಗಳನ್ನು ಕಲಿತಿದೆ. ಹಾಗಾಗಿ ಒಂದೇ ಜಾತಿಯ ಎರಡು ವಸ್ತುಗಳ ನಡುವಿನ ವ್ಯತ್ಯಾಸ ಅದರಲ್ಲಿ ಹೆಚ್ಚು ಉಳಿಯುತ್ತದೆ. ಕೆಲವೇ ಫೋಟೋಗಳಿಂದ ಒಂದು ವಸ್ತುವನ್ನು ಹೊಸ ಚಿತ್ರಗಳಲ್ಲಿ ಮೂಡಿಸುವ ವಿಧಾನವನ್ನು ವಿವರಿಸುವ 2022ರ ಡ್ರೀಮ್‌ಬೂತ್ ಪ್ರಬಂಧದ ಲೇಖಕರು ಕ್ಲಿಪ್ ಸಾಮ್ಯದ ಪಕ್ಕದಲ್ಲಿ ಇದರ ಹಿಂದಿನ ಮಾದರಿಯಾದ ಡೈನೋದ ಸಾಮ್ಯವನ್ನು ಇಟ್ಟು, ಅದಕ್ಕೇ ಹೆಚ್ಚು ಬೆಲೆ ಕೊಟ್ಟದ್ದು ಇದೇ ಕಾರಣಕ್ಕೆ. ಅದೇ 20 ಹಸಿರು ಚಿತ್ರಗಳಲ್ಲಿ ಈಗ ಸರಿಯಾದ 12ರ ಪೈಕಿ 10ಕ್ಕೆ ತಮ್ಮ ಮೂಲಚಿತ್ರ ಮೊದಲು ಬಂತು. ತಪ್ಪಾದ 8ರಲ್ಲಿ ಒಂದಕ್ಕೆ ಮಾತ್ರ ಬಂತು. 20 ಚಿತ್ರಗಳಿಂದ ದೊಡ್ಡ ಮಾತು ಹೇಳಲಾಗದು, ಆದರೆ ಯಾವ ದಿಕ್ಕಿನಲ್ಲಿ ನಡೆಯಬೇಕೆಂಬುದಕ್ಕೆ ಅದು ಸಾಕಾಯಿತು.

ಇಲ್ಲೊಂದು ಮಿತಿಯಿದೆ. 768×1024 ಚಿತ್ರದಲ್ಲಿ ಎರಡು ಸೆಂಟಿಮೀಟರ್ ಗೋಪುರ ಹನ್ನೆರಡು ಪಿಕ್ಸೆಲ್ ಮಾತ್ರ. ಆ ತುಂಡನ್ನು ಹಿಗ್ಗಿಸಿದರೆ ಮಸುಕು ಹಿಗ್ಗುತ್ತದೆ, ವಿವರ ಹುಟ್ಟುವುದಿಲ್ಲ. ಸರಿಯಾಗಿದ್ದೂ ಮೊದಲ ಸ್ಥಾನ ತಪ್ಪಿದ ಎರಡು ಚಿತ್ರಗಳು ಹೀಗೆ ಮಸುಕಾದವೇ. ಫಲಿತಗಳನ್ನು ಇದರ ಎರಡರಷ್ಟು ಗಾತ್ರದಲ್ಲಿ ತಯಾರಿಸದೆ ಅಂಚಿನ ಬಗ್ಗೆ ಯಾವ ಅಂಕವನ್ನೂ ಗಂಭೀರವಾಗಿ ತೆಗೆದುಕೊಳ್ಳಬಾರದೆಂದು ಈಗ ನಮ್ಮಲ್ಲಿ ನಿಯಮ ಮಾಡಿಕೊಂಡಿದ್ದೇವೆ. ಒಡಲಿನ ಬಣ್ಣವನ್ನು ಬೇರೆಯಾಗಿಯೇ, ಬಣ್ಣವನ್ನು ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ತಕ್ಕಂತೆ ಸಂಖ್ಯೆಗಳಲ್ಲಿ ಹೇಳುವ ಲ್ಯಾಬ್ ಬಣ್ಣಮಾನದ ಅಂತರವಾಗಿ ಅಳೆಯುತ್ತೇವೆ. ಅಂಗಡಿಯ ಹಳದಿ ದೀಪದ ಕೆಳಗೆ ತೆಗೆದ ಮೂಲಚಿತ್ರಗಳಿಗೆ ಬಣ್ಣ ಸರಿಪಡಿಸಲು ನೆರವಾಗುವ ಬೂದು ಕಾರ್ಡು ಇಟ್ಟು ಮತ್ತೆ ಫೋಟೋ ತೆಗೆಯದೆ ಆ ಅಳತೆಗೂ ಅರ್ಥ ಬರಲಿಲ್ಲ.

ತಪ್ಪಾಗಿದ್ದೂ ತಪ್ಪಿಸಿಕೊಂಡ ಆ ಒಂದು ಚಿತ್ರವನ್ನು ಮತ್ತೆ ಅಂಗಡಿಗೆ ಒಯ್ದು ಹಿರಿಯರ ಮುಂದಿಟ್ಟೆ. ಗೋಪುರಗಳು ಸರಿಯಾಗಿದ್ದವು, ಜರಿಯ ಗೆರೆಗಳೂ ಸರಿಯಾಗಿದ್ದವು, ನನಗೆ ತಪ್ಪು ಕಾಣಲಿಲ್ಲ. ಅವರು ಕಪಾಟಿನಿಂದ ಆ ಸೀರೆಯನ್ನೇ ತೆಗೆದು, ಅಂಚಿನ ಮೇಲೆ ಬೆರಳುಗಳನ್ನು ಜೋಡಿಸಿಟ್ಟು, "ನೋಡಿ, ನಾಲ್ಕು ಬೆರಳು. ನಿಮ್ಮ ಫೋಟೋದಲ್ಲಿ ಆಯಮ್ಮನ ಕೈ ಪಕ್ಕದಲ್ಲೇ ಇದೆಯಲ್ಲ, ಎರಡು ಬೆರಳೂ ಇಲ್ಲ" ಎಂದರು. ಅಂಚಿನ ತುಂಡನ್ನು ಕತ್ತರಿಸಿ ಸಮ ಗಾತ್ರಕ್ಕೆ ತರುವಾಗ ಅಗಲದ ಅಂಚೂ ಸಣ್ಣಂಚೂ ಒಂದೇ ಆಗಿಬಿಡುತ್ತವೆ ಎಂಬುದು ಆಗ ಹೊಳೆಯಿತು. ಒಂದು ಕುರುಡುತನವನ್ನು ಹೋಗಲಾಡಿಸಲು ಮಾಡಿದ ಉಪಾಯದಿಂದಲೇ ಇನ್ನೊಂದು ಹುಟ್ಟಿತ್ತು. ಈಗ ತುಂಡು ಕತ್ತರಿಸುವ ಮೊದಲು ಅಂಚಿನ ಅಗಲವನ್ನು ಭುಜದಿಂದ ಪಾದದವರೆಗಿನ ಎತ್ತರಕ್ಕೆ ಭಾಗಿಸಿ ಬರೆದಿಟ್ಟುಕೊಳ್ಳುತ್ತೇವೆ, ಮತ್ತು ಅಂಗಡಿಯಲ್ಲಿ ಪ್ರತಿ ಸೀರೆಯ ಅಂಚನ್ನು ಟೇಪಿನಲ್ಲಿ ಅಳೆದು ಮೂಲಚಿತ್ರದ ಹೆಸರಿನ ಪಕ್ಕದಲ್ಲೇ ಸೆಂಟಿಮೀಟರ್‌ನಲ್ಲಿ ನಮೂದಿಸುತ್ತಾರೆ. ಆ ಸಂಖ್ಯೆಗೂ ಚಿತ್ರದ ಅನುಪಾತದಿಂದ ಲೆಕ್ಕ ಹಾಕಿದ ಅಗಲಕ್ಕೂ ಕಾಲು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಸಾಮ್ಯದ ಅಂಕ ಎಷ್ಟೇ ಇರಲಿ, ಚಿತ್ರ ಹಿರಿಯರ ಮೇಜಿಗೆ ಹೋಗುತ್ತದೆ.